ಕೋನ ಚಿತ್ರದಲ್ಲಿ ಮಾತ್ರ ಇದ್ದರೆ: ಒಂದು ದೀಪಸ್ತಂಭ, ಎರಡು ದೋಣಿ, ಮೂರು ಉತ್ತರ

ಪ್ರಶ್ನೆ: ಮಾಷ್ಟ್ರೇ, ನಾವು ಕುಂಬಳೆ ಹತ್ತಿರದವರು. ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸ್. ಅಭ್ಯಾಸದ ಪೇಪರಿನಲ್ಲಿ ಒಂದು ಲೆಕ್ಕ ಬಂತು. 30 ಮೀಟರ್ ಎತ್ತರದ ದೀಪಸ್ತಂಭದ ತುದಿಯಿಂದ ಒಂದೇ ಸಾಲಿನಲ್ಲಿರುವ ಎರಡು ದೋಣಿಗಳನ್ನು "ಚಿತ್ರದಲ್ಲಿ ತೋರಿಸಿದ ಕೋನಗಳಲ್ಲಿ" ನೋಡುತ್ತಾರಂತೆ. ದೋಣಿಗಳ ನಡುವಿನ ದೂರ ಬೇಕು, √3 = 1.73 ಅಂತ ಕೊಟ್ಟಿದ್ದಾರೆ. ಕೋನ ಎಷ್ಟು ಅಂತ ಪ್ರಶ್ನೆಯಲ್ಲಿ ಇಲ್ಲ. ಎರಡು ಬೆರಳಗಲದ ಚಿತ್ರದಲ್ಲಿ ತುದಿಯ ಹತ್ತಿರ 30° ಮತ್ತು 45° ಅಂತ ಇದೆ ಅಷ್ಟೆ. ಮಗಳಿಗೆ 21.9 ಮೀಟರ್ ಬಂತು, ಅವಳ ಗೆಳತಿಗೆ 12.7, ಇನ್ನೊಬ್ಬ ಹುಡುಗನಿಗೆ 94.6. ಕೋನಮಾಪಕ ಇಟ್ಟು ನೋಡಿದರೆ ಗೆಳತಿಯದ್ದೇ ಸರಿ ಅನ್ನಿಸುತ್ತದೆ. ಪೇಪರಿನ ಫೋಟೋ ಕಳಿಸಿದ್ದೇನೆ. ಯಾವುದು ಸರಿ? ಹೇಗೆ ಗೊತ್ತು ಮಾಡಿಕೊಳ್ಳುವುದು?

ಉತ್ತರ: ಸರಿಯಾದದ್ದು 21.9 ಮೀಟರ್. ನಿಮ್ಮ ಮಗಳು ಸರಿಯಾಗಿಯೇ ಮಾಡಿದ್ದಾಳೆ. ಆದರೆ ಉಳಿದ ಇಬ್ಬರೂ ಗುಣಿಸುವುದರಲ್ಲೋ ಭಾಗಿಸುವುದರಲ್ಲೋ ಎಲ್ಲೂ ಎಡವಿಲ್ಲ. ಮೂವರೂ ಚಿತ್ರವನ್ನು ಬೇರೆ ಬೇರೆ ಥರ ಓದಿದ್ದಾರೆ, ಓದಿದ ಚಿತ್ರಕ್ಕೆ ಸರಿಯಾಗಿಯೇ ಲೆಕ್ಕ ಮಾಡಿದ್ದಾರೆ. ಹಾಗಾಗಿ ಮೊದಲು ಆ ಮೂರು ಓದುಗಳನ್ನು ಬಿಡಿಸಿ ನೋಡೋಣ.

ದೀಪಸ್ತಂಭದ ತುದಿ A, ಬುಡ B ಇರಲಿ. ಹತ್ತಿರದ ದೋಣಿ C, ದೂರದ್ದು D. A ಯಿಂದ C ಗೆ ಒಂದು ಓರೆ ಗೆರೆ, D ಗೆ ಇನ್ನೊಂದು. ಕಂಬ ನೆಟ್ಟಗೆ ಇದೆ, ನೀರು ಅಡ್ಡಕ್ಕೆ ಇದೆ. ಇಷ್ಟರಲ್ಲಿ ಯಾರಿಗೂ ಅನುಮಾನ ಇಲ್ಲ.

ನಿಮ್ಮ ಮಗಳು ಎರಡೂ ಕೋನಗಳನ್ನು A ಯಿಂದ ಹೊರಡುವ ಅಡ್ಡ ಗೆರೆಯಿಂದ ಕೆಳಗೆ ಅಳೆದಿದ್ದಾಳೆ. ಅಂದರೆ ಅವು ಅವನತ ಕೋನಗಳು. ಹತ್ತಿರದ ದೋಣಿ ನೋಡಲು ಜಾಸ್ತಿ ಬಗ್ಗಿ ನೋಡಬೇಕು, ಹಾಗಾಗಿ 45° ಅದಕ್ಕೆ. ದೂರದ ದೋಣಿಗೆ 30°. ನೀರಿನ ಗೆರೆ ಮತ್ತು ತುದಿಯ ಅಡ್ಡ ಗೆರೆ ಸಮಾಂತರ. ಪರ್ಯಾಯ ಕೋನಗಳು ಸಮ ಆದ್ದರಿಂದ C ಯಲ್ಲಿ 45°, D ಯಲ್ಲಿ 30° ಸಿಗುತ್ತದೆ. BC = 30 ಮೀಟರ್. BD = 30√3 = 51.9 ಮೀಟರ್. ಕಳೆದರೆ 21.9.

ಗೆಳತಿ ಎರಡೂ ಕೋನಗಳನ್ನು ಕಂಬದಿಂದ ಅಳೆದಿದ್ದಾಳೆ. ಕಂಬಕ್ಕೂ AC ಗೂ ನಡುವೆ 30°, ಕಂಬಕ್ಕೂ AD ಗೂ ನಡುವೆ 45°. ಆಗ BC = 30 × tan 30° = 17.3, BD = 30 × tan 45° = 30. ವ್ಯತ್ಯಾಸ 12.7.

ಹುಡುಗ 30° ಯನ್ನು ಕಂಬಕ್ಕೂ AC ಗೂ ನಡುವೆ ಇಟ್ಟು, 45° ಯನ್ನು ಎರಡು ಓರೆ ಗೆರೆಗಳ ನಡುವೆ ಇಟ್ಟಿದ್ದಾನೆ. ಆಗ AD ಕಂಬದಿಂದ 75° ದೂರ ಹೋಗುತ್ತದೆ. tan 75° ಸುಮಾರು 3.73. BD ಸುಮಾರು 111.9, ಅದರಲ್ಲಿ 17.3 ಕಳೆದರೆ 94.6.

"ಉತ್ತರ ಅಸಾಧ್ಯವಾಗಿ ಬಂದರೆ ಓದಿದ್ದು ತಪ್ಪು" ಅಂತ ಮಕ್ಕಳಿಗೆ ಹೇಳುತ್ತೇವಲ್ಲ, ಆ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 12.7 ಮೀಟರ್ ಅಂತರದಲ್ಲಿ ದೋಣಿಗಳು ಇರಬಹುದು. 94.6 ಮೀಟರ್ ಅಂತರದಲ್ಲೂ ಇರಬಹುದು. ಕಾಸರಗೋಡಿನ ಕಡಲ ದಂಡೆಯಲ್ಲಿ ನಿಂತು ನೋಡಿದರೆ ಈ ಮೂರೂ ದಿನಾ ಕಾಣುವ ಅಂತರಗಳೇ. ಆದ್ದರಿಂದ ತೀರ್ಮಾನ ಚಿತ್ರದ ಒಳಗಿಂದಲೇ ಬರಬೇಕು.

ಹುಡುಗನ ಓದನ್ನು ತಳ್ಳಿಹಾಕುವುದು ಸುಲಭ. ಪ್ರಶ್ನೆಯಲ್ಲಿ √3 = 1.73 ಕೊಟ್ಟಿದ್ದಾರೆ. ಅಂದರೆ 30° ಅಥವಾ 60° ಯ ಲೆಕ್ಕ ಸಾಕು ಅಂತ ಅರ್ಥ. 75° ಯ ಬೆಲೆ ಬೇಕಿದ್ದರೆ ಅದನ್ನೂ ಕೊಡುತ್ತಿದ್ದರು. ನಮ್ಮ ಹತ್ತನೇ ಕ್ಲಾಸಿನ ಪೇಪರುಗಳಲ್ಲಿ 40°, 35° ಯಂಥ ಕೋನಗಳೂ ಬರುತ್ತವೆ. ಆಗ sin, cos, tan ಬೆಲೆಗಳನ್ನು ಪ್ರಶ್ನೆಯ ಜೊತೆಗೇ ಬರೆದಿರುತ್ತಾರೆ. ಯಾವ ಕೋನದ ಬೆಲೆ ಕೊಟ್ಟಿದ್ದಾರೆ ಅಂತ ನೋಡಿದರೆ, ತ್ರಿಭುಜದ ಒಳಗೆ ಯಾವ ಕೋನ ಬರುತ್ತದೆ ಅನ್ನುವುದಕ್ಕೆ ಒಳ್ಳೆಯ ಸುಳಿವು ಸಿಗುತ್ತದೆ. ಆದರೆ ಈ ಸುಳಿವು ನಿಮ್ಮ ಮಗಳನ್ನೂ ಅವಳ ಗೆಳತಿಯನ್ನೂ ಬೇರೆ ಮಾಡುವುದಿಲ್ಲ. ಇಬ್ಬರಿಗೂ √3 ಬೇಕೇ ಬೇಕು.

ಇನ್ನು ಕೋನಮಾಪಕದ ವಿಷಯ. ನೀವು ಅಳೆದು ನೋಡಿದ್ದು ಸಹಜ. ಕಂಬದಿಂದ ಅಳೆದಾಗ ಹತ್ತಿರದ ಗೆರೆಗೆ ಸುಮಾರು 27°, ದೂರದ ಗೆರೆಗೆ ಸುಮಾರು 41° ಸಿಕ್ಕಿರಬೇಕು, ಅಲ್ವಾ? ನಿಮ್ಮ ಫೋಟೋ ಮೇಲೆ ನಾನು ಅಳೆದಾಗಲೂ ಅಷ್ಟೇ ಬಂತು. 30, 45 ಕ್ಕೆ ಹತ್ತಿರ ಇದೆ. ಹಾಗಾಗಿ ಗೆಳತಿಯದ್ದು ಸರಿ ಅನ್ನಿಸುತ್ತದೆ. ಇಲ್ಲಿಯೇ ಮೋಸ ಇರುವುದು.

ಪೇಪರಿನಲ್ಲಿ ಜಾಗ ಉಳಿಸಲು ಚಿತ್ರವನ್ನು ಅಗಲದಲ್ಲಿ ಅಮುಕುತ್ತಾರೆ. ಪ್ರಶ್ನೆಯ ಪಕ್ಕದ ಸಣ್ಣ ಜಾಗದಲ್ಲಿ ಕೂರಬೇಕಲ್ಲ, ಎತ್ತರ ಹಾಗೇ ಇಟ್ಟು ಅಗಲ ಕಡಿಮೆ ಮಾಡುತ್ತಾರೆ. ಸರಿಯಾದ ಅಳತೆಯಲ್ಲಿ ಬರೆದ ಚಿತ್ರದ ಅಗಲವನ್ನು ಅರ್ಧಕ್ಕೆ ಇಳಿಸಿದರೆ ಏನಾಗುತ್ತದೆ ನೋಡಿ. ಗೆರೆಗಳ ಇಳಿಜಾರು ಎರಡು ಪಟ್ಟಾಗುತ್ತದೆ. 45° ಇಳಿಯುವ ಗೆರೆಯ ಇಳಿಜಾರು 1, ಅದು 2 ಆಗುತ್ತದೆ. tan ಬೆಲೆ 2 ಇರುವ ಕೋನ ಸುಮಾರು 63°. 30° ಇಳಿಯುವ ಗೆರೆಯ ಇಳಿಜಾರು ಸುಮಾರು 0.58, ಅದು 1.15 ಆಗುತ್ತದೆ. ಕೋನ ಸುಮಾರು 49°. ಈಗ ಇದೇ ಗೆರೆಗಳನ್ನು ಕಂಬದಿಂದ ಅಳೆಯಿರಿ. 90 ರಲ್ಲಿ 63 ಹೋದರೆ 27. 90 ರಲ್ಲಿ 49 ಹೋದರೆ 41. ನಿಮಗೆ ಸಿಕ್ಕಿದ ಸಂಖ್ಯೆಗಳೇ.

ಅಂದರೆ ಚಿತ್ರ ಅಮುಕಿದ್ದರಿಂದಲೇ ತಪ್ಪು ಓದು ಸರಿಯಂತೆ ಕಾಣುತ್ತಿದೆ. ಸಣ್ಣ ಚಿತ್ರದ ಮೇಲೆ ಕೋನಮಾಪಕ ಇಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಎರಡು ಬೆರಳಗಲದ ಚಿತ್ರದಲ್ಲಿ ಗೆರೆಯ ದಪ್ಪವೇ ಒಂದೆರಡು ಡಿಗ್ರಿ ತಿನ್ನುತ್ತದೆ, ಅದು ಬೇರೆ ಮಾತು. ಅಮುಕಿದ ಚಿತ್ರದಲ್ಲಿ ಕೋನವೇ ಬದಲಾಗಿರುತ್ತದೆ.

ಹಾಗಾದರೆ ಅಮುಕಿದರೂ ಬದಲಾಗದೆ ಉಳಿಯುವುದು ಯಾವುದು? ಅಡ್ಡ ಗೆರೆ ಅಡ್ಡಕ್ಕೇ ಇರುತ್ತದೆ. ನೆಟ್ಟ ಗೆರೆ ನೆಟ್ಟಗೇ ಇರುತ್ತದೆ. ಹತ್ತಿರದ ದೋಣಿ ಹತ್ತಿರವೇ, ದೂರದ್ದು ದೂರವೇ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಕಂಸ ಯಾವ ಗೆರೆಯಿಂದ ಹೊರಟು ಯಾವ ಗೆರೆಯಲ್ಲಿ ನಿಲ್ಲುತ್ತದೆ ಅನ್ನುವುದು ಬದಲಾಗುವುದಿಲ್ಲ. ಚಿತ್ರದಲ್ಲಿ ನಂಬಬೇಕಾದದ್ದು ಇವನ್ನು ಮಾತ್ರ.

ಕಂಸ ಅಂದರೆ ಕೋನ ತೋರಿಸಲು ಮೂಲೆಯಲ್ಲಿ ಹಾಕುವ ಪುಟ್ಟ ಬಾಗಿದ ಗೆರೆ. ಅದರ ಎರಡು ತುದಿಯೂ ಒಂದೊಂದು ಗೆರೆಗೆ ತಾಗಿರಬೇಕು. ಆ ಎರಡು ಗೆರೆಗಳ ನಡುವಿನದ್ದೇ ಆ ಕೋನ. ಮಕ್ಕಳು ಸಂಖ್ಯೆ ಎಲ್ಲಿ ಬರೆದಿದೆ ಅಂತ ಮಾತ್ರ ನೋಡುತ್ತಾರೆ, ಕಂಸ ನೋಡುವುದಿಲ್ಲ. ಸಂಖ್ಯೆಯನ್ನು ಜಾಗ ಇದ್ದ ಕಡೆ ಬರೆದಿರುತ್ತಾರೆ. ಕಂಸವನ್ನು ಹಾಗೆ ಎಲ್ಲೆಂದರಲ್ಲಿ ಹಾಕಲಾಗುವುದಿಲ್ಲ.

ನಿಮ್ಮ ಫೋಟೋವನ್ನು ದೊಡ್ಡದು ಮಾಡಿ A ಯ ಸುತ್ತ ಏನಿದೆ ಅಂತ ನೋಡಿದೆ. ಅಲ್ಲಿ ಎರಡು ಕಂಸಗಳಿವೆ. ಚಿಕ್ಕದರ ಒಂದು ತುದಿ AD ಗೆ, ಅಂದರೆ ದೂರದ ದೋಣಿಯ ಗೆರೆಗೆ, ಮೇಲುಗಡೆಯಿಂದ ತಾಗಿದೆ. ಅದರ ಇನ್ನೊಂದು ತುದಿ ಯಾವ ಗೆರೆಗೂ ತಾಗದೆ ಸುಮ್ನೆ ಖಾಲಿ ಜಾಗದಲ್ಲಿ ನಿಂತಿದೆ. ದೊಡ್ಡ ಕಂಸ AD ಯನ್ನು ದಾಟಿ AC ಗೆ ತಾಗುತ್ತದೆ. ಅದರ ಮೇಲಿನ ತುದಿಯೂ ಖಾಲಿಯಲ್ಲೇ ಇದೆ. ಕಂಬದ ಕಡೆಗೆ ಒಂದು ಕಂಸವೂ ಹೋಗಿಲ್ಲ.

ಕಂಸದ ತುದಿ ಖಾಲಿಯಲ್ಲಿ ನಿಂತಿದ್ದರೆ ಅಲ್ಲೊಂದು ಗೆರೆ ಇತ್ತು, ಈಗ ಅಳಿಸಿಹೋಗಿದೆ ಅಂತಲೇ ಅರ್ಥ. A ಯ ಬಲಕ್ಕೆ ನೇರವಾಗಿ ನೋಡಿ. ಒಂದೇ ಮಟ್ಟದಲ್ಲಿ ಎರಡು ಮೂರು ಚುಕ್ಕಿಗಳು ಉಳಿದಿವೆ. ಕಾಗದದ ಕಲೆ ಥರ ಕಾಣುತ್ತವೆ. ಅದು ಅಡ್ಡ ಚುಕ್ಕಿ ಗೆರೆಯ ಉಳಿಕೆ. ಜೆರಾಕ್ಸಿನ ಮೇಲೆ ಜೆರಾಕ್ಸ್ ತೆಗೆದಾಗ ಮೊದಲು ಅಳಿಯುವುದೇ ಚುಕ್ಕಿ ಗೆರೆ. ಈ ಥರದ ಲೆಕ್ಕಗಳಲ್ಲಿ ಜಾಸ್ತಿ ಬೇಕಾದ ಗೆರೆಯೂ ಅದೇ. ಅವನತ ಕೋನದ ಒಂದು ಬಾಹು ಅದೇ ತಾನೇ.

ಹಾಗಾಗಿ 30° ಇರುವುದು ಚುಕ್ಕಿ ಗೆರೆಗೂ AD ಗೂ ನಡುವೆ, 45° ಇರುವುದು ಚುಕ್ಕಿ ಗೆರೆಗೂ AC ಗೂ ನಡುವೆ. 21.9 ಮೀಟರ್ ಅಂತ ನಾನು ಹೇಳಿದ್ದು ಇದನ್ನು ನೋಡಿಯೇ.

ಕಂಸಗಳೂ ಸರಿಯಾಗಿ ಕಾಣದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಇದನ್ನು ಮಗಳಿಗೆ ಕಲಿಸಿ. ಚಿಕ್ಕ ಸಂಖ್ಯೆ ಯಾವ ದೋಣಿಯ ಗೆರೆಗೆ ಸೇರಿದೆ ಅಂತ ನೋಡಬೇಕು. ಅಡ್ಡ ಗೆರೆಯಿಂದ ಅಳೆದರೆ ದೂರದ ದೋಣಿಗೆ ಚಿಕ್ಕ ಕೋನ ಬರುತ್ತದೆ. ದೂರ ಹೋದಷ್ಟೂ ನೋಟ ಅಡ್ಡಕ್ಕೆ ಬರುತ್ತದೆ. ಕಂಬದಿಂದ ಅಳೆದರೆ ಇದು ಪೂರ್ತಿ ಉಲ್ಟಾ. ಹತ್ತಿರದ ದೋಣಿಗೇ ಚಿಕ್ಕ ಕೋನ. ಆದ್ದರಿಂದ 30 ಅನ್ನುವುದು ದೂರದ ಗೆರೆಯ ಮೇಲುಗಡೆ ಕೂತಿದ್ದರೆ ಅಡ್ಡ ಗೆರೆಯಿಂದ ಅಳೆದದ್ದು. ಕಂಬದ ಪಕ್ಕದಲ್ಲಿ, ಹತ್ತಿರದ ಗೆರೆಗಿಂತ ಒಳಗೆ ಕೂತಿದ್ದರೆ ಕಂಬದಿಂದ ಅಳೆದದ್ದು. ನಿಮ್ಮ ಚಿತ್ರದಲ್ಲಿ 30° ದೂರದ ಗೆರೆಯ ಮೇಲಿದೆ. ಎರಡು ಪರೀಕ್ಷೆಯೂ ಒಂದೇ ಉತ್ತರ ಕೊಡುತ್ತಿವೆ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ದೋಣಿ ಒಂದೇ ಇದ್ದು ಕೋನವೂ ಒಂದೇ ಇದ್ದರೆ ಹೋಲಿಸಲು ಏನೂ ಇರುವುದಿಲ್ಲ. ಆಗ ಕಂಸವೇ ಗತಿ. ಆ ಒಂದು ಕೋನ 45° ಆಗಿದ್ದರೆ ಮಾತ್ರ ಚಿಂತೆ ಇಲ್ಲ. ಕಂಬದಿಂದ ಅಳೆದರೂ ಅಡ್ಡ ಗೆರೆಯಿಂದ ಅಳೆದರೂ ಅದು 45° ಯೇ.

ಕೆಲವು ಪೇಪರುಗಳಲ್ಲಿ ಕೋನಗಳನ್ನು ತುದಿಯಲ್ಲಿ ಬರೆಯದೆ ಕೆಳಗೆ C ಮತ್ತು D ಯಲ್ಲಿ ಬರೆಯುತ್ತಾರೆ. ಆಗ ಗೊಂದಲ ಕಡಿಮೆ. D ಯಲ್ಲಿ ಒಂದೇ ಕೋನ ಇದೆ. C ಯಲ್ಲಿ ಮಾತ್ರ ಎರಡಿವೆ, ಕಂಬದ ಕಡೆಯದ್ದು 45°, ದೂರದ ದೋಣಿಯ ಕಡೆಯದ್ದು 135°. ಲಂಬಕೋನ ತ್ರಿಭುಜಕ್ಕೆ ಸೇರುವುದು ಕಂಬದ ಕಡೆಯದ್ದು.

ಈಗ ಓದಿದ್ದು ಸರಿಯೇ ಅಂತ ಮನೆಯಲ್ಲಿ ಖಾತ್ರಿ ಮಾಡಿಕೊಳ್ಳುವ ದಾರಿ ಹೇಳುತ್ತೇನೆ. ಪೇಪರಿನ ಚಿತ್ರ ಬಿಟ್ಟುಬಿಡಿ, ಹೊಸದೊಂದು ಬರೆಯಿರಿ. ಉದ್ದದ ಹಾಳೆ ತಗೊಂಡು ಅಡ್ಡಕ್ಕೆ ಇಡಿ. 5 ಮೀಟರಿಗೆ 1 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ಕಂಬ 6 ಸೆಂಟಿಮೀಟರ್ ಆಗುತ್ತದೆ. ಬುಡದಿಂದ ಬಲಕ್ಕೆ 12 ಸೆಂಟಿಮೀಟರ್ ನೀರಿನ ಗೆರೆ ಎಳೆಯಲಿ. ತುದಿಯಿಂದ ಬಲಕ್ಕೆ ಅಡ್ಡ ಚುಕ್ಕಿ ಗೆರೆ. ಈ ಗೆರೆ ಹಾಕದೆ ಮುಂದೆ ಹೋಗಬಾರದು. ಆಮೇಲೆ ಚುಕ್ಕಿ ಗೆರೆಯ ಮೇಲೆ ಕೋನಮಾಪಕ ಇಟ್ಟು ಕೆಳಕ್ಕೆ 30°, 45° ಗುರುತು ಮಾಡಿ ಗೆರೆ ಎಳೆದರೆ ಅವು ನೀರಿನ ಗೆರೆಯನ್ನು ಬುಡದಿಂದ 10.4 ಮತ್ತು 6 ಸೆಂಟಿಮೀಟರಿನಲ್ಲಿ ಮುಟ್ಟುತ್ತವೆ. ನಡುವೆ 4.4 ಸೆಂಟಿಮೀಟರ್. 5 ರಿಂದ ಗುಣಿಸಿದರೆ 22 ಮೀಟರ್. ಲೆಕ್ಕದ 21.9 ಕ್ಕೆ ಸರಿಹೋಯಿತು. ಕೋನಮಾಪಕಕ್ಕೆ ಕೆಲಸ ಇರುವುದು ಇಲ್ಲಿ, ನಾವೇ ಬರೆದ ಚಿತ್ರದಲ್ಲಿ.

ಇನ್ನೊಂದು ಲಾಭ ಇದೆ. ದೊಡ್ಡ ಚಿತ್ರದಲ್ಲಿ ಎರಡು ಓರೆ ಗೆರೆಗಳ ನಡುವೆ 15° ಮಾತ್ರ ಇರುವುದು ಕಣ್ಣಿಗೆ ಕಾಣುತ್ತದೆ. 45 ರಲ್ಲಿ 30 ಕಳೆದರೆ ಸಿಗುವ ಕೋನ ಅದು. ಹುಡುಗ 45° ಇಟ್ಟದ್ದು ಆ ಜಾಗದಲ್ಲೇ. ಒಂದೇ ಮೂಲೆಯಲ್ಲಿ ಎರಡು ಕೋನ ಕೊಟ್ಟಾಗ, ಎರಡೂ ಒಂದೇ ಗೆರೆಯಿಂದ ಶುರುವಾಗುತ್ತವೆಯೋ, ಒಂದು ಮುಗಿದಲ್ಲಿ ಇನ್ನೊಂದು ಶುರುವಾಗುತ್ತದೆಯೋ ಅಂತ ಕೇಳಿಕೊಳ್ಳಬೇಕು. ಕಂಸಗಳು ಬೇರೆ ಬೇರೆ ಅಳತೆಯವಾಗಿದ್ದು, ದೊಡ್ಡದು ಒಂದು ಓರೆ ಗೆರೆಯನ್ನು ದಾಟಿ ಹೋದರೆ ಎರಡೂ ಒಂದೇ ಕಡೆಯಿಂದ ಶುರು. ಯಾವ ಕಂಸವೂ ಯಾವ ಗೆರೆಯನ್ನೂ ದಾಟದಿದ್ದರೆ ಒಂದರ ಪಕ್ಕ ಒಂದು.

ಕಂಬದಿಂದ ಅಳೆಯುವುದು, ಅಡ್ಡ ಗೆರೆಯಿಂದ ಅಳೆಯುವುದು ಅನ್ನುವ ಈ ಗೊಂದಲ ಪೇಪರಿನಲ್ಲಿ ಮಾತ್ರ ಇರುವುದಲ್ಲ. ಶಾಲೆಯಲ್ಲಿ ಕೋನಮಾಪಕಕ್ಕೆ ಸ್ಟ್ರಾ ಅಂಟಿಸಿ, ನಡುವಿನಿಂದ ದಾರದಲ್ಲಿ ಸಣ್ಣ ಕಲ್ಲು ಇಳಿಬಿಟ್ಟು ಮರದ ಎತ್ತರ ಅಳೆಯುವ ಚಟುವಟಿಕೆ ಮಾಡಿಸುತ್ತೇವೆ. ಸ್ಟ್ರಾ ಅಡ್ಡಕ್ಕೆ ಹಿಡಿದಾಗ ದಾರ 90 ರ ಮೇಲೆ ನಿಲ್ಲುತ್ತದೆ. ಕಂಗಿನ ಮರದ ತುದಿ ನೋಡಲು ಸ್ಟ್ರಾ ಎತ್ತಿದಾಗ ದಾರ 50 ರ ಮೇಲೆ ನಿಂತಿತು ಅನ್ನಿ. ಉನ್ನತ ಕೋನ 50° ಅಲ್ಲ, 90 ರಲ್ಲಿ 50 ಕಳೆದು ಬರುವ 40°. ಮಕ್ಕಳು ಓದಿದ 50 ನ್ನೇ ತಮ್ಮ ಚಿತ್ರದಲ್ಲಿ ನೆಲದ ಪಕ್ಕ ಬರೆದುಬಿಡುತ್ತಾರೆ. ಮರದಿಂದ 20 ಮೀಟರ್ ದೂರ ನಿಂತಿದ್ದರೆ, ಕಣ್ಣಿನ ಎತ್ತರ 1.5 ಮೀಟರ್ ಸೇರಿಸಿ 40° ಗೆ ಸುಮಾರು 18.3 ಮೀಟರ್ ಬರುತ್ತದೆ, 50° ಗೆ ಸುಮಾರು 25.3. ಕಂಗಿನ ತೋಟದಲ್ಲಿ ಎರಡೂ ನಂಬುವಂಥ ಎತ್ತರವೇ. ಪತ್ತೆ ಮಾಡುವುದು ಹೇಗೆಂದರೆ, ಮರದ ಕಡೆಗೆ ಐದು ಹೆಜ್ಜೆ ನಡೆದು ಮತ್ತೆ ನೋಡಬೇಕು. ಹತ್ತಿರ ಹೋದಾಗ ಉನ್ನತ ಕೋನ ಜಾಸ್ತಿ ಆಗಬೇಕು. ದಾರದ ಸಂಖ್ಯೆ ಕಡಿಮೆ ಆದರೆ ಅದು ಉನ್ನತ ಕೋನ ಅಲ್ಲ, 90 ರಿಂದ ಕಳೆಯಬೇಕಾದದ್ದು. ದೋಣಿಗಳ ಲೆಕ್ಕದಲ್ಲಿ ಚಿಕ್ಕ ಸಂಖ್ಯೆ ಹತ್ತಿರದ್ದಕ್ಕೋ ದೂರದ್ದಕ್ಕೋ ಅಂತ ಕೇಳಿದೆವಲ್ಲ, ಅದೇ ಪರೀಕ್ಷೆ ಇದು.

ನಿಮ್ಮ ಲೆಕ್ಕದಲ್ಲಿ ಕಂಬದ ಬುಡ ನೀರಿನ ಮಟ್ಟದಲ್ಲೇ ಇದೆ ಅಂತ ಇಟ್ಟುಕೊಂಡಿದ್ದೇವೆ. ಚಿತ್ರದಲ್ಲಿ ಹಾಗೆಯೇ ಇದೆ, ತೊಂದರೆ ಇಲ್ಲ. ಬೇಕಲ ಕೋಟೆಯಂಥ ಎತ್ತರದ ಜಾಗದಿಂದ ಕಡಲು ನೋಡುವ ಲೆಕ್ಕ ಬಂದರೆ ನಿಂತ ಕಟ್ಟೆಯ ಎತ್ತರ ಸಾಲದು, ನೀರಿನ ಮಟ್ಟದಿಂದ ಕಣ್ಣಿನವರೆಗಿನ ಎತ್ತರ ಬೇಕು. ಚಿತ್ರದಲ್ಲಿ B ಯನ್ನು ನೆಲದಲ್ಲಿ ಇಟ್ಟಿದ್ದಾರೋ ನೀರಿನಲ್ಲಿ ಇಟ್ಟಿದ್ದಾರೋ ಅಂತ ನೋಡಿಕೊಳ್ಳಬೇಕು.

ಕೊನೆಗೆ ಪರೀಕ್ಷೆಯ ದಿನದ ಮಾತು. ಶುರುವಿನಲ್ಲಿ ಪ್ರಶ್ನೆ ಓದಲು 15 ನಿಮಿಷ ಕೂಲ್ ಆಫ್ ಟೈಮ್ ಕೊಡುತ್ತಾರಲ್ಲ, ಚಿತ್ರ ಇರುವ ಪ್ರಶ್ನೆಗಳ ಕಂಸಗಳನ್ನು ಆಗಲೇ ನೋಡಿಟ್ಟುಕೊಳ್ಳಲಿ. ಪ್ರಶ್ನೆಯಲ್ಲಿ "ಅವನತ ಕೋನ", "ಉನ್ನತ ಕೋನ" ಅನ್ನುವ ಮಾತು ಎಲ್ಲಾದರೂ ಇದ್ದರೆ ಚಿತ್ರ ಹೇಗೇ ಕಾಣಲಿ, ಅಡ್ಡ ಗೆರೆಯಿಂದಲೇ ಅಳೆಯಬೇಕು. ಆ ಮಾತು ಇಲ್ಲ, ಕಂಸ ಕಾಣುತ್ತಿಲ್ಲ, ಚುಕ್ಕಿ ಗೆರೆಯೂ ಇಲ್ಲ ಅಂದರೆ ಮೊದಲು ಪರೀಕ್ಷಾ ಕೊಠಡಿಯ ಟೀಚರ್ ಹತ್ತಿರ ಬೇರೆ ಪ್ರತಿ ಕೇಳಲಿ. ಒಂದು ಪ್ರತಿಯಲ್ಲಿ ಅಳಿಸಿದ ಗೆರೆ ಇನ್ನೊಂದರಲ್ಲಿ ಉಳಿದಿರಬಹುದು. ಅದೂ ಆಗದಿದ್ದರೆ ಉತ್ತರ ಪತ್ರಿಕೆಯಲ್ಲಿ ತಾನೇ ಚಿತ್ರ ಬರೆದು, ಚುಕ್ಕಿ ಗೆರೆ ಹಾಕಿ, ಕಂಸಗಳನ್ನು ಅದಕ್ಕೆ ತಾಗಿಸಿ, ಕೆಳಗೆ ಒಂದು ಸಾಲು ಬರೆಯಲಿ: "ಚಿತ್ರದ ಕೋನಗಳನ್ನು A ಯಲ್ಲಿನ ಅವನತ ಕೋನಗಳೆಂದು ತೆಗೆದುಕೊಂಡಿದ್ದೇನೆ." ಪೇಪರ್ ನೋಡುವವರಿಗೆ ಆಗ 51.9 ಎಲ್ಲಿಂದ ಬಂತು, 30 ಎಲ್ಲಿಂದ ಬಂತು ಅಂತ ಹುಡುಕುವ ಕೆಲಸ ಇರುವುದಿಲ್ಲ.